ಅಪಾಯದ ಸಂಪರ್ಕದ ನಂತರದ ಭಯ, ನಿಮಿರದಿರುವ ಸಮಸ್ಯೆ ಮತ್ತು ಪರೀಕ್ಷೆಯ ಸರಿಯಾದ ದಿನಗಳು

ಕಾಂಡೋಮ್ ಇಲ್ಲದೆಯೋ, ಕಾಂಡೋಮ್ ನಡುವೆ ಹರಿದೋ ಲೈಂಗಿಕ ಸಂಪರ್ಕ ನಡೆದುಹೋದ ಮೇಲೆ ಅನೇಕ ಗಂಡಸರನ್ನು ಎರಡು ಚಿಂತೆಗಳು ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಸೋಂಕು ತಗುಲಿರಬಹುದೆಂಬುದು ಮೊದಲನೆಯದು. ಒಂದೆರಡು ವಾರಗಳಲ್ಲಿ ಹೆಂಡತಿಯೊಡನೆ ಕೂಡಲು ಹೋದಾಗ ಶಿಶ್ನ ನಿಮಿರದೆ ಹೋಗುವುದು ಎರಡನೆಯದು. ಎರಡನೆಯದನ್ನು ಮೊದಲನೆಯದರ ಪುರಾವೆಯೆಂದು ತಿಳಿದುಬಿಡುವುದರಿಂದಲೇ ಭಯ ಇಮ್ಮಡಿಯಾಗುತ್ತದೆ. ಆದ್ದರಿಂದ ಈ ಮಾತನ್ನು ಆರಂಭದಲ್ಲೇ ಸ್ಪಷ್ಟವಾಗಿ ಹೇಳಬೇಕು: ಸಂಪರ್ಕವಾದ ಕೆಲವು ದಿನಗಳಲ್ಲಿ ಇದ್ದಕ್ಕಿದ್ದಂತೆ ನಿಮಿರುವಿಕೆ ನಿಲ್ಲುವುದು ಎಚ್‌ಐವಿಯ ಲಕ್ಷಣವೂ ಅಲ್ಲ, ಸಿಫಿಲಿಸ್ ಅಥವಾ ಗೊನೊರಿಯಾದ ಲಕ್ಷಣವೂ ಅಲ್ಲ. ಅದು ಬಹುಮಟ್ಟಿಗೆ ಭಯದ ಫಲ. ಆ ಭಯವನ್ನು ಇಳಿಸುವುದಕ್ಕೆ, ಯಾವ ಪರೀಕ್ಷೆಯನ್ನು ಯಾವ ದಿನ ಮಾಡಿಸಬೇಕೆಂದು ನಿಶ್ಚಯಿಸಿಕೊಂಡು, ಆ ದಿನಗಳ ನಡುವೆ ಬೇರೆ ಪರೀಕ್ಷೆಗೆ ಹೋಗದಿರುವುದೇ ನನಗೆ ಕಾಣುವ ಉತ್ತಮ ದಾರಿ.

ವಿಷಯ ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯ 32 ವರ್ಷದ ವಿವಾಹಿತರೊಬ್ಬರು ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗಿದ್ದಾಗ, ಮಾರ್ಚ್ 1ರ ರಾತ್ರಿ ಅಪರಿಚಿತ ಮಹಿಳೆಯೊಡನೆ ಯೋನಿ ಸಂಭೋಗ ನಡೆದಿದೆ. ಕಾಂಡೋಮ್ ಹರಿದದ್ದು ಕೊನೆಯಲ್ಲಷ್ಟೇ ಗೊತ್ತಾಗಿದೆ. ನಾಲ್ಕು ದಿನ ಯಾರಿಗೂ ಹೇಳದೆ ಮೊಬೈಲಿನಲ್ಲಿ ರೋಗಲಕ್ಷಣಗಳನ್ನು ಓದುತ್ತ ಕುಳಿತ ಅವರು ಮಾರ್ಚ್ 6ರಂದು ವೈದ್ಯರ ಬಳಿ ಹೋಗುತ್ತಾರೆ. ಮುಂದಿನ ಹೆಜ್ಜೆಗಳಿಗೆ ಇವರ ದಿನಾಂಕಗಳನ್ನೇ ಬಳಸುತ್ತೇನೆ. ಓದುವವರು ತಮ್ಮ ಘಟನೆಯ ದಿನವನ್ನು ಸೊನ್ನೆಯೆಂದಿಟ್ಟುಕೊಂಡು ಎಣಿಸಿಕೊಳ್ಳಬಹುದು.

ಮೊದಲ ಹೆಜ್ಜೆ: 72 ಗಂಟೆ ಕಳೆದಿದೆಯೇ ಎಂದು ನೋಡುವುದು

ಎಚ್‌ಐವಿ ದೇಹದಲ್ಲಿ ನೆಲೆಯೂರದಂತೆ ತಡೆಯುವ ಮಾತ್ರೆಗಳಿವೆ. ವೈದ್ಯರು ಇದನ್ನು ಪಿಇಪಿ ಎನ್ನುತ್ತಾರೆ. ಸಂಪರ್ಕವಾದ 72 ಗಂಟೆಗಳೊಳಗೆ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ ಇದನ್ನು ಆರಂಭಿಸಿ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದರ ಮಾತ್ರೆಯನ್ನು ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಎಚ್‌ಐವಿಗೆ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರದಲ್ಲಿ, ಇಲ್ಲವೇ ಖಾಸಗಿಯಾಗಿ ಸಾಂಕ್ರಾಮಿಕ ರೋಗ ತಜ್ಞರಲ್ಲಿ ಇದನ್ನು ವಿಚಾರಿಸಬೇಕು. ಭಾನುವಾರವೆಂದು ಸೋಮವಾರದವರೆಗೆ ಕಾಯುವುದು ಸಲ್ಲದು, ಏಕೆಂದರೆ ಇಡೀ ಪ್ರಕರಣದಲ್ಲಿ ಗಂಟೆಗಳ ಲೆಕ್ಕವಿರುವುದು ಇಲ್ಲಿ ಮಾತ್ರ. ಉಳಿದದ್ದೆಲ್ಲ ವಾರಗಳ ಲೆಕ್ಕ.

ನಮ್ಮ ಉದಾಹರಣೆಯ ವ್ಯಕ್ತಿಗೆ ಈ ಅವಕಾಶ ಮಾರ್ಚ್ 4ರ ರಾತ್ರಿಗೇ ಮುಗಿದಿದೆ. ಆದರೂ ಅವರು ಎದೆಗುಂದಬೇಕಾಗಿಲ್ಲ. ಎದುರಿನವರಿಗೆ ಎಚ್‌ಐವಿ ಇದ್ದು, ಅವರು ಚಿಕಿತ್ಸೆಯನ್ನೂ ಪಡೆಯುತ್ತಿಲ್ಲವೆಂದು ಇಟ್ಟುಕೊಂಡರೂ, ಕಾಂಡೋಮ್ ಇಲ್ಲದ ಒಂದು ಬಾರಿಯ ಯೋನಿ ಸಂಭೋಗದಿಂದ ಗಂಡಸಿಗೆ ಸೋಂಕು ತಗುಲುವ ಸಂಭವವನ್ನು 10,000ಕ್ಕೆ ಸುಮಾರು 4 ಎಂದು ಅಂದಾಜಿಸಲಾಗಿದೆ. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಇದು ಬಹಳ ಹೆಚ್ಚು, 10,000ಕ್ಕೆ ಸುಮಾರು 138. ಮುತ್ತಿಡುವುದರಿಂದ, ಅಪ್ಪಿಕೊಳ್ಳುವುದರಿಂದ, ಕೈಯಿಂದ ಮುಟ್ಟುವುದರಿಂದ ಎಚ್‌ಐವಿ ಬರುವುದಿಲ್ಲ. ಬಾಯಿಯ ಮೂಲಕದ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಬರುವ ಸಂಭವ ನಗಣ್ಯವೆನ್ನುವಷ್ಟು ಕಡಿಮೆ. ಆದರೆ ಗೊನೊರಿಯಾ ಮತ್ತು ಸಿಫಿಲಿಸ್ ಆ ಮಾರ್ಗದಲ್ಲೂ ಬರಬಲ್ಲವು. ಈ ಅಂಕಿಗಳನ್ನು ಇಲ್ಲಿ ಕೊಟ್ಟಿರುವುದು ಭಯ ತನ್ನ ನಿಜವಾದ ಅಳತೆಗೆ ಇಳಿಯಲೆಂದು, ಪರೀಕ್ಷೆ ಬೇಡವೆನ್ನುವುದಕ್ಕಲ್ಲ.

ಎರಡನೆಯ ಹೆಜ್ಜೆ: ನಾಲ್ಕು ದಿನಾಂಕಗಳನ್ನು ಬರೆದಿಟ್ಟುಕೊಳ್ಳುವುದು

ಸೋಂಕು ದೇಹಕ್ಕೆ ಬಂದ ದಿನಕ್ಕೂ, ಪರೀಕ್ಷೆಯಲ್ಲಿ ಕಾಣಿಸುವ ದಿನಕ್ಕೂ ನಡುವೆ ಒಂದು ಅಂತರವಿರುತ್ತದೆ. ಇದನ್ನೇ ವಿಂಡೋ ಅವಧಿ ಎನ್ನುತ್ತಾರೆ. ಈ ಅವಧಿ ಮುಗಿಯುವ ಮೊದಲು ಬಂದ 'ನೆಗೆಟಿವ್' ವರದಿ ಅರ್ಧ ಸಮಾಧಾನವನ್ನಷ್ಟೇ ಕೊಡುತ್ತದೆ. ಆ ಅರ್ಧ ಸಮಾಧಾನ ಎರಡು ದಿನ ಉಳಿದು ಮತ್ತೆ ಅನುಮಾನವಾಗುತ್ತದೆ, ಅನುಮಾನ ಮತ್ತೊಂದು ಲ್ಯಾಬಿಗೆ ಎಳೆಯುತ್ತದೆ. ಹೀಗಾಗಿ ಪರೀಕ್ಷೆಯನ್ನು ಸರಿಯಾದ ದಿನದಲ್ಲಿ ಮಾಡಿಸುವುದು ಹಣದ ಪ್ರಶ್ನೆಯಷ್ಟೇ ಅಲ್ಲ, ಮನಸ್ಸಿನ ಆರೋಗ್ಯದ ಪ್ರಶ್ನೆಯೂ ಹೌದು.

ಮೊದಲ ದಿನಾಂಕ ಮಾರ್ಚ್ 6, ಅಂದರೆ ವೈದ್ಯರನ್ನು ಕಂಡ ದಿನವೇ. ಅಂದು ಎಚ್‌ಐವಿ, ಸಿಫಿಲಿಸ್‌ಗೆ ವಿಡಿಆರ್‌ಎಲ್ ಮತ್ತು ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ ಪರೀಕ್ಷೆಗಳನ್ನು ಮಾಡಿಸಬೇಕು. ಇವು ಮಾರ್ಚ್ 1ರ ಘಟನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕಿಂತ ಮುಂಚೆ ಸ್ಥಿತಿ ಹೇಗಿತ್ತು ಎಂಬುದನ್ನು ಮಾತ್ರ ತಿಳಿಸುತ್ತವೆ. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಪಡೆದಿರದಿದ್ದರೆ ರಕ್ತ ಕೊಟ್ಟ ಮೇಲೆ ಅದೇ ದಿನ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಬಹುದು. ಲೈಂಗಿಕ ಸಂಪರ್ಕವಾದ 14 ದಿನಗಳೊಳಗೆ ಹಾಕಿಸಿಕೊಂಡರೂ ಅದರಿಂದ ರಕ್ಷಣೆ ಸಿಗುವ ಸಾಧ್ಯತೆ ಇದೆ. ಬೇಗ ಹಾಕಿಸಿದಷ್ಟೂ ಒಳ್ಳೆಯದು.

ಎರಡನೆಯದು ಮಾರ್ಚ್ 15, ಎರಡು ವಾರ ತುಂಬಿದ ದಿನ. ಗೊನೊರಿಯಾ ಮತ್ತು ಕ್ಲಮೈಡಿಯಕ್ಕೆ ಮೂತ್ರದ ಎನ್‌ಎಎಟಿ ಪರೀಕ್ಷೆ ಅಂದು ನಂಬಲರ್ಹ. ಮಾದರಿ ಕೊಡುವ ಮುನ್ನ ಒಂದೆರಡು ಗಂಟೆ ಮೂತ್ರ ಮಾಡದೆ ಇದ್ದು, ಹರಿವಿನ ಮೊದಲ ಭಾಗವನ್ನೇ, ಸುಮಾರು 20ರಿಂದ 30 ಮಿಲಿಲೀಟರನ್ನು ಡಬ್ಬಿಯಲ್ಲಿ ಹಿಡಿಯಬೇಕು. ಬೇರೆ ಮೂತ್ರ ಪರೀಕ್ಷೆಗಳಲ್ಲಿ ನಡುವಿನ ಭಾಗವನ್ನು ಕೇಳುವುದರಿಂದ ಅಭ್ಯಾಸಬಲದಿಂದ ಹಲವರು ಮೊದಲ ಭಾಗವನ್ನು ಚೆಲ್ಲಿಬಿಡುತ್ತಾರೆ. ಇಲ್ಲಿ ಬೇಕಾದದ್ದು ಅದೇ.

ಮೂರನೆಯ ದಿನಾಂಕವೇ ಮುಖ್ಯವಾದದ್ದು: ಏಪ್ರಿಲ್ 15, ಅಂದರೆ 45 ದಿನ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ವೈರಸ್ಸಿನದೇ ಭಾಗವಾದ ಪಿ24 ಆ್ಯಂಟಿಜೆನ್ ಮತ್ತು ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಎರಡನ್ನೂ ಹುಡುಕುವ, 'ನಾಲ್ಕನೇ ತಲೆಮಾರಿನ' ಎಚ್‌ಐವಿ ಪರೀಕ್ಷೆ ಅಂದು ನೆಗೆಟಿವ್ ಬಂದರೆ ಈ ಘಟನೆಯ ಮಟ್ಟಿಗೆ ಎಚ್‌ಐವಿಯ ಪ್ರಶ್ನೆ ಮುಗಿಯಿತು. ವರದಿಯಲ್ಲಿ 'ನಾನ್-ರಿಯಾಕ್ಟಿವ್' ಎಂಬ ಪದದ ಪಕ್ಕದಲ್ಲಿ 0.12, 0.27 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ 1.0ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್ ಎಂಬ ಗಡಿಯನ್ನು ಅಲ್ಲೇ ಮುದ್ರಿಸಿರುತ್ತಾರೆ. ಕಳೆದ ಬಾರಿ 0.12 ಇದ್ದದ್ದು ಈ ಬಾರಿ 0.27 ಆಗಿದೆ, ವೈರಸ್ ಬೆಳೆಯುತ್ತಿದೆ ಎಂದು ನಿದ್ದೆಗೆಟ್ಟವರಿದ್ದಾರೆ. ಗಡಿಯ ಕೆಳಗಿನ ಏರಿಳಿತಕ್ಕೆ ಯಾವ ಅರ್ಥವೂ ಇಲ್ಲ. ಅದು ಯಂತ್ರದ ಮತ್ತು ಮಾದರಿಯ ಸಣ್ಣ ವ್ಯತ್ಯಾಸ. ಸಿಫಿಲಿಸ್ ಪರೀಕ್ಷೆಯನ್ನೂ ಅದೇ ದಿನ ಮತ್ತೊಮ್ಮೆ ಮಾಡಿಸಬಹುದು.

ನಾಲ್ಕನೆಯದು ಮೇ ತಿಂಗಳ ಕೊನೆಯ ವಾರ, ಮೂರು ತಿಂಗಳು ತುಂಬುವ ಹೊತ್ತು. ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿಗೆ ಅದು ಕೊನೆಯ ಪರೀಕ್ಷೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಉಚಿತವಾಗಿ ಮಾಡುವ ಎಚ್‌ಐವಿ ಪರೀಕ್ಷೆ ಸಾಮಾನ್ಯವಾಗಿ ಪ್ರತಿಕಾಯವನ್ನು ನೋಡುವ ರ್‍ಯಾಪಿಡ್ ಪರೀಕ್ಷೆ. ಅದನ್ನೇ ಆಯ್ದುಕೊಂಡವರು ಅಂತಿಮ ತೀರ್ಮಾನಕ್ಕೆ 45 ದಿನದ ಬದಲು ಈ ಮೂರು ತಿಂಗಳನ್ನೇ ಲೆಕ್ಕಕ್ಕಿಡಬೇಕು. ಕಾಯುವ ಕಾಲ ಹೆಚ್ಚಾದರೂ ಐಸಿಟಿಸಿಯಲ್ಲಿ ಒಂದು ದೊಡ್ಡ ಅನುಕೂಲವಿದೆ: ಪರೀಕ್ಷೆಗೆ ಮುಂಚೆ ಮತ್ತು ನಂತರ ಆಪ್ತ ಸಮಾಲೋಚಕರು ಕೂತು ಮಾತನಾಡುತ್ತಾರೆ. ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡಬಾರದೆಂದೂ ಫಲಿತಾಂಶವನ್ನು ಗೋಪ್ಯವಾಗಿಡಬೇಕೆಂದೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1097 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು.

ಪಿಇಪಿ ಮಾತ್ರೆ ತೆಗೆದುಕೊಂಡವರ ಲೆಕ್ಕ ಬೇರೆ. ಮಾತ್ರೆ ಸೋಂಕಿನ ಗುರುತನ್ನು ಮುಂದಕ್ಕೆ ತಳ್ಳಬಹುದಾದ್ದರಿಂದ ಅವರು 45 ದಿನಗಳನ್ನು ಕೊನೆಯ ಮಾತ್ರೆಯ ದಿನದಿಂದ ಎಣಿಸಿ, ವೈದ್ಯರು ಹೇಳಿದ ಅಂತಿಮ ದಿನಾಂಕವನ್ನೇ ಪಾಲಿಸಬೇಕು.

ಈ ಪಟ್ಟಿಯಲ್ಲಿ ಸೇರಬಾರದ ಪರೀಕ್ಷೆಗಳೂ ಇವೆ. ಹುಣ್ಣು ಅಥವಾ ಗುಳ್ಳೆ ಇಲ್ಲದವರಿಗೆ ಹರ್ಪಿಸ್‌ನ ರಕ್ತ ಪರೀಕ್ಷೆ ಗೊಂದಲವನ್ನು ಹೆಚ್ಚಿಸುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ, ಅದರಲ್ಲೂ ಐಜಿಎಂ ಪರೀಕ್ಷೆಯನ್ನು ನಂಬುವಂತಿಲ್ಲ. ಹತ್ತನೇ ದಿನಕ್ಕೇ ಮಾಡಿಸುವ ದುಬಾರಿ ಎಚ್‌ಐವಿ ಪಿಸಿಆರ್ ನೆಗೆಟಿವ್ ಬಂದರೂ 45ನೇ ದಿನದ ಪರೀಕ್ಷೆ ತಪ್ಪುವುದಿಲ್ಲ.

ಒಂದು ವಿನಾಯಿತಿ ಮಾತ್ರ ನೆನಪಿರಲಿ. ಮೂತ್ರದ್ವಾರದಿಂದ ಕೀವು ಬರುವುದು, ಮೂತ್ರ ಮಾಡುವಾಗ ಉರಿ, ಶಿಶ್ನದ ಮೇಲೆ ನೋವಿಲ್ಲದ ಹುಣ್ಣು ಅಥವಾ ನೋವಿನ ಗುಳ್ಳೆಗಳು, ವೃಷಣದಲ್ಲಿ ಊತ ಮತ್ತು ನೋವು, ಇವುಗಳಲ್ಲಿ ಯಾವುದು ಕಂಡರೂ ದಿನಾಂಕಕ್ಕಾಗಿ ಕಾಯದೆ ಚರ್ಮರೋಗ ತಜ್ಞರನ್ನೋ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ ಅನ್ನೋ ಕಾಣಬೇಕು. ಔಷಧಿ ಅಂಗಡಿಯಲ್ಲಿ ಹೇಳಿ ಆ್ಯಂಟಿಬಯೋಟಿಕ್ ನುಂಗುವುದು ಬೇಡ; ಅದು ಸೋಂಕನ್ನು ಪೂರ್ತಿ ಗುಣಪಡಿಸದೆ ಪರೀಕ್ಷೆಯಲ್ಲಿ ಕಾಣದಂತೆ ಮಾಡಿಬಿಡಬಹುದು.

ಮೂರನೆಯ ಹೆಜ್ಜೆ: ಹೆಂಡತಿಯ ರಕ್ಷಣೆ

ಏಪ್ರಿಲ್ 15ರ ವರದಿ ಬರುವವರೆಗೆ ಸಂಭೋಗ ಬೇಡ, ಇಲ್ಲವೇ ಪ್ರತಿ ಬಾರಿಯೂ ಕಾಂಡೋಮ್ ಬೇಕು. ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ವರದಿಗಳೂ ಸರಿಯೆಂದು ಬರುವವರೆಗೆ ಕಾಂಡೋಮ್ ಮುಂದುವರಿಸುವುದು ಕ್ಷೇಮ. ನಡೆದದ್ದನ್ನು ಹೆಂಡತಿಗೆ ಯಾವಾಗ, ಹೇಗೆ ಹೇಳಬೇಕೆಂಬುದನ್ನು ಸಮಾಲೋಚಕರ ನೆರವಿನಿಂದ ನಿರ್ಧರಿಸಬಹುದು, ಆದರೆ ಆ ನಿರ್ಧಾರವಾಗುವವರೆಗೂ ಅಪಾಯವನ್ನು ಆಕೆಯ ಮೇಲೆ ಹೊರಿಸುವ ಹಕ್ಕು ಯಾರಿಗೂ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಘಟನೆಯ ನಂತರ ಈಗಾಗಲೇ ಕಾಂಡೋಮ್ ಇಲ್ಲದೆ ಕೂಡಿದ್ದರೆ, ಅದರಲ್ಲೂ ಆಕೆ ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ, ವೈದ್ಯರಿಗೆ ಅದನ್ನು ಮೊದಲ ಭೇಟಿಯಲ್ಲೇ ತಿಳಿಸಬೇಕು.

ನಾಲ್ಕನೆಯ ಹೆಜ್ಜೆ: ನಿಮಿರದಿರುವುದಕ್ಕೆ ಕಾರಣ ತಿಳಿದು ವರ್ತಿಸುವುದು

ನಮ್ಮ ಉದಾಹರಣೆಯ ವ್ಯಕ್ತಿ ಮಾರ್ಚ್ 12ರ ರಾತ್ರಿ ಹೆಂಡತಿಯ ಬಳಿ ಹೋಗುತ್ತಾರೆ. ಹೋಗದಿದ್ದರೆ ಅನುಮಾನ ಬಂದೀತೆಂಬ ಅಳುಕು ಒಂದೆಡೆ, ಹೋದರೆ ಸೋಂಕು ದಾಟಿಸಿಯೇನೆಂಬ ಅಳುಕು ಇನ್ನೊಂದೆಡೆ. ಸ್ವಲ್ಪ ನಿಮಿರಿದ್ದು ಕಾಂಡೋಮ್ ಹಾಕುವ ಹೊತ್ತಿಗೆ ಇಳಿದುಹೋಗುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಯತ್ನಿಸಿದಾಗ ನಿಮಿರುವುದೇ ಇಲ್ಲ.

ದೇಹದೊಳಗೆ ನಡೆದದ್ದು ಇಷ್ಟು. ನಿಮಿರುವಾಗ ಶಿಶ್ನದ ನರಗಳ ತುದಿಯಿಂದ ಮತ್ತು ರಕ್ತನಾಳಗಳ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ಒಳಗಿನ ನಯವಾದ ಸ್ನಾಯುಗಳು ಸಡಿಲಗೊಂಡು, ರಕ್ತ ತುಂಬಿಕೊಳ್ಳುತ್ತದೆ. ನೆಮ್ಮದಿಯ ಸ್ಥಿತಿಯಲ್ಲಿ ಕೆಲಸ ಮಾಡುವ ನರವ್ಯೂಹದ ಭಾಗ ಇದನ್ನು ನಡೆಸುತ್ತದೆ. ಭಯವಾದಾಗ ಇದಕ್ಕೆ ವಿರುದ್ಧವಾದ ಭಾಗ ಎಚ್ಚೆತ್ತು ಅಡ್ರಿನಲಿನ್ ಮತ್ತು ನಾರಡ್ರಿನಲಿನ್ ಹೆಚ್ಚುತ್ತವೆ. ಅವು ಅದೇ ಸ್ನಾಯುಗಳನ್ನು ಬಿಗಿಗೊಳಿಸಿ ರಕ್ತವನ್ನು ಹೊರಗೆ ಕಳಿಸುತ್ತವೆ. ಎದೆ ಬಡಿತ ಏರಿ, ಅಂಗೈ ಬೆವರುವಾಗ ಶಿಶ್ನ ಸಡಿಲವಾಗುವುದು ದೇಹದ ಸಹಜ ಪ್ರತಿಕ್ರಿಯೆ. ಮೊದಲ ಬಾರಿ ಸೋತ ಮೇಲೆ ಎರಡನೆಯ ಬಾರಿ ಇನ್ನೊಂದು ಭಯ ಸೇರುತ್ತದೆ: ಮನಸ್ಸು ಸುಖದಲ್ಲಿ ತೊಡಗದೆ, 'ಇಳಿಯುತ್ತಿದೆಯೇ, ಇಳಿಯುತ್ತಿದೆಯೇ' ಎಂದು ದೂರ ನಿಂತು ಕಾವಲು ಕಾಯುತ್ತದೆ. ಆ ಕಾವಲೇ ಇಳಿಸುತ್ತದೆ.

ಇದು ಭಯದಿಂದ ಬಂದದ್ದೋ ದೇಹದ ದೋಷವೋ ಎಂದು ಮನೆಯಲ್ಲೇ ಒಂದು ಮಟ್ಟಿಗೆ ತಿಳಿಯಬಹುದು. ಬೆಳಗಿನ ಜಾವ ಎಚ್ಚರವಾದಾಗ ಶಿಶ್ನ ನಿಮಿರಿರುತ್ತದೆಯೇ ಎಂದು ಒಂದೆರಡು ವಾರ ಗಮನಿಸಬೇಕು. ಒಬ್ಬರೇ ಇದ್ದಾಗ, ಹಸ್ತಮೈಥುನದಲ್ಲಿ, ಸರಿಯಾಗಿ ನಿಮಿರುತ್ತದೆಯೇ ಎಂಬುದೂ ಅಷ್ಟೇ ಮುಖ್ಯ. ಇವು ಸರಿಯಿದ್ದು ಸಂಭೋಗದ ಹೊತ್ತಿನಲ್ಲಿ ಮಾತ್ರ ಸೋಲುತ್ತಿದ್ದರೆ, ಅದೂ ಘಟನೆಯ ನಂತರವೇ ಥಟ್ಟನೆ ಆರಂಭವಾಗಿದ್ದರೆ, ರಕ್ತನಾಳ ನರಗಳೆಲ್ಲ ಸುಸ್ಥಿತಿಯಲ್ಲಿವೆಯೆಂದೇ ತಿಳಿಯಬಹುದು. ನಿದ್ದೆಗೆಟ್ಟ ದಿನಗಳಲ್ಲಿ ಬೆಳಗಿನ ನಿಮಿರುವಿಕೆ ಕಡಿಮೆಯಾಗಬಹುದಾದ್ದರಿಂದ ಒಂದೇ ಬೆಳಗನ್ನು ಹಿಡಿದು ತೀರ್ಮಾನಿಸಬಾರದು.

ಆಗ ಮಾಡಬೇಕಾದ ಮೊದಲ ಕೆಲಸ ಸಂಭೋಗದ ಪ್ರಯತ್ನವನ್ನೇ ಏಪ್ರಿಲ್ 15ರವರೆಗೆ ಉದ್ದೇಶಪೂರ್ವಕವಾಗಿ ನಿಲ್ಲಿಸುವುದು. ಹೆಂಡತಿಯ ರಕ್ಷಣೆಗೂ ಅದೇ ಬೇಕಾಗಿರುವುದರಿಂದ ಇದು ತಪ್ಪಿಸಿಕೊಳ್ಳುವಿಕೆಯಲ್ಲ. ಜೊತೆಗೆ ಮಲಗುವುದು, ಅಪ್ಪಿಕೊಳ್ಳುವುದು, ಬೆನ್ನು ನೀವುವುದು ಮುಂದುವರಿಯಲಿ, ಆದರೆ ಅದು ಸಂಭೋಗಕ್ಕೆ ಹೋಗುವುದಿಲ್ಲವೆಂದು ಮೊದಲೇ ಮನಸ್ಸಿನಲ್ಲಿ ಗಟ್ಟಿಯಾಗಿರಲಿ. ತನ್ನನ್ನು ಸಾಬೀತುಪಡಿಸಬೇಕಾದ ಸಂದರ್ಭವೇ ಇಲ್ಲವಾದಾಗ ಕಾವಲು ಕಾಯುವ ಮನಸ್ಸು ಸಡಿಲಗೊಂಡು, ನಿಮಿರುವಿಕೆ ಎಷ್ಟೋ ವೇಳೆ ತಾನಾಗಿಯೇ ಮರಳುತ್ತದೆ.

ಎರಡನೆಯ ಕೆಲಸ ತಪಾಸಣೆಯ ಚಟವನ್ನು ಬಿಡುವುದು. ಬಚ್ಚಲುಮನೆಗೆ ಹೋದಾಗಲೆಲ್ಲ ಕೀವು ಬರುತ್ತಿದೆಯೇ ಎಂದು ಶಿಶ್ನವನ್ನು ಬುಡದಿಂದ ತುದಿಗೆ ಹಿಂಡಿ ನೋಡಿದರೆ ಮೂತ್ರದ್ವಾರ ಕೆಂಪಾಗಿ ನೋಯುತ್ತದೆ, ಕೆಲವೊಮ್ಮೆ ಅಂಟಾದ ಹನಿಯೂ ಬರುತ್ತದೆ. ಆ ಹನಿಯನ್ನೇ ರೋಗವೆಂದು ತಿಳಿಯಲಾಗುತ್ತದೆ. ಸೋಪು ಮತ್ತು ಡೆಟಾಲ್‌ನಿಂದ ಮತ್ತೆ ಮತ್ತೆ ತೊಳೆದರೆ ಚರ್ಮ ಸುಲಿದು ಕೆಂಪು ಗುರುತುಗಳೇಳುತ್ತವೆ. ಕುತ್ತಿಗೆಯ ಮತ್ತು ತೊಡೆಸಂದಿನ ಗ್ರಂಥಿಗಳನ್ನು ದಿನವಿಡೀ ಒತ್ತುತ್ತಿದ್ದರೆ ಆ ಜಾಗವೂ ನೋಯುತ್ತದೆ. ಬೆಳಿಗ್ಗೆ ಸ್ನಾನದ ಹೊತ್ತಿನಲ್ಲಿ ಒಮ್ಮೆ ನೋಡಿದರೆ ಸಾಕು, ಬರೀ ನೀರಿನಿಂದ ತೊಳೆದರೆ ಸಾಕು. ಎಚ್‌ಐವಿ ತಗುಲಿದ ಕೆಲವರಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರುವುದು ನಿಜ. ಆದರೆ ಯಾವ ವೈರಲ್ ಜ್ವರದಲ್ಲೂ ಇವೇ ಕಾಣುವುದರಿಂದ ಲಕ್ಷಣ ನೋಡಿ ಹೌದೆಂದೂ ಅಲ್ಲವೆಂದೂ ಹೇಳಲಾಗದು. ತೀರ್ಪು ಪರೀಕ್ಷೆಯದು.

ನಿಮಿರುವಿಕೆಗೆ ನೆರವಾಗುವ ಸಿಲ್ಡೆನಾಫಿಲ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಂಡು ತಿನ್ನುವುದು ಬೇಡ. ಹೃದಯದ ತೊಂದರೆಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲದು. ಉಳಿದವರಲ್ಲೂ ಅದು ಕಾಮೋದ್ರೇಕವಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಭಯ ತುಂಬಿದ ಮನಸ್ಸಿನಲ್ಲಿ ಮಾತ್ರೆಯೂ ಸೋತರೆ 'ಇನ್ನು ನನಗೆ ದಾರಿಯೇ ಇಲ್ಲ' ಎಂಬ ನಿರಾಶೆ ಅದರ ಮೇಲೆ ಕೂರುತ್ತದೆ. ವೈದ್ಯರು ಪರೀಕ್ಷಿಸಿ, ವರದಿ ಬಂದ ನಂತರ, ಕೆಲವು ದಿನಗಳ ಮಟ್ಟಿಗೆ ಆತ್ಮವಿಶ್ವಾಸಕ್ಕೆಂದು ಕೊಟ್ಟರೆ ಅದು ಬೇರೆ ಮಾತು. 'ಗುಪ್ತರೋಗ' ಎಂಬ ಫಲಕ ಹಾಕಿಕೊಂಡು ಧಾತು ನಷ್ಟದ ಮಾತಾಡುವವರ ಬಳಿಗಂತೂ ಹೋಗಲೇಬಾರದು.

ಐದನೆಯ ಹೆಜ್ಜೆ: ವರದಿ ಬಂದ ನಂತರ

ಪರೀಕ್ಷೆಯಲ್ಲಿ ಸೋಂಕು ಕಂಡರೆ ಒಂದೇ ವರದಿಯ ಮೇಲೆ ನಿಲ್ಲಬಾರದು. ಐಸಿಟಿಸಿಯಲ್ಲಿ ಬೇರೆ ಬೇರೆ ಮೂರು ಪರೀಕ್ಷೆಗಳಿಂದ ಖಚಿತಪಡಿಸಿಕೊಂಡ ಮೇಲೆಯೇ ಎಚ್‌ಐವಿ ಇದೆಯೆಂದು ತಿಳಿಸುತ್ತಾರೆ. ಖಚಿತವಾದರೆ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಸಿಗುತ್ತದೆ, ಮತ್ತು ಚಿಕಿತ್ಸೆಯಿಂದ ವೈರಸ್ ಪ್ರಮಾಣ ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಸಿಫಿಲಿಸ್ ಪೆನಿಸಿಲಿನ್‌ನಿಂದ, ಗೊನೊರಿಯಾ ಮತ್ತು ಕ್ಲಮೈಡಿಯ ಸರಿಯಾದ ಆ್ಯಂಟಿಬಯೋಟಿಕ್‌ಗಳಿಂದ ಗುಣವಾಗುತ್ತವೆ. ಹೆಂಡತಿಗೂ ಅದೇ ಹೊತ್ತಿನಲ್ಲಿ ಚಿಕಿತ್ಸೆಯಾಗಬೇಕು.

ಹೆಚ್ಚಿನವರಿಗೆ ವರದಿ ನೆಗೆಟಿವ್ ಬಂದ ಕೆಲವು ವಾರಗಳಲ್ಲಿ ಎಲ್ಲವೂ ಹಿಂದಿನಂತಾಗುತ್ತದೆ. ಎರಡು ಸಂದರ್ಭಗಳಲ್ಲಿ ಮಾತ್ರ ಮುಂದುವರಿಯಬೇಕು. ಬೆಳಗಿನ ನಿಮಿರುವಿಕೆಯೂ ಇಲ್ಲದೆ, ಸಮಸ್ಯೆ ಮೂರು ತಿಂಗಳಾದರೂ ಉಳಿದರೆ ಸಕ್ಕರೆ, ರಕ್ತದೊತ್ತಡ, ಕೊಬ್ಬಿನಂಶ ಮತ್ತು ಬೆಳಿಗ್ಗೆ 11 ಗಂಟೆಯೊಳಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ನೋಡಿಸಬೇಕು. ಅಲ್ಲಿಯವರೆಗೆ ಗೊತ್ತಿರದಿದ್ದ ಸಕ್ಕರೆ ಕಾಯಿಲೆ ಹೀಗೆ ಬಯಲಾಗುವುದುಂಟು.

ಇನ್ನೊಂದು ಸಂದರ್ಭ ಇದಕ್ಕಿಂತ ಸೂಕ್ಷ್ಮವಾದದ್ದು. ಅಂತಿಮ ವರದಿ ಬಂದ ಮೇಲೂ ಲ್ಯಾಬಿನವರು ಮಾದರಿ ಅದಲುಬದಲು ಮಾಡಿರಬಹುದು, ನನ್ನದು ಅಪರೂಪದ ವೈರಸ್ ಇರಬಹುದು ಎಂದು ಮತ್ತೆ ಮತ್ತೆ ಪರೀಕ್ಷೆಗೆ ಓಡುವಂತಾದರೆ, ಆಗ ಕಾಯಿಲೆ ಎಚ್‌ಐವಿಯಲ್ಲ, ಆತಂಕ ಅಥವಾ ಗೀಳು. ಇನ್ನೊಂದು ಪರೀಕ್ಷೆ ಆ ಗೀಳಿಗೆ ಬಲ ಕೊಡುತ್ತದೆ. ಹೀಗಾದವರು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಅಥವಾ ಯಾವುದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಹೊರಗೆ ಹೋಗಲು ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಪಾಸಣೆಯ ಒತ್ತಾಯವನ್ನು ಹಂತಹಂತವಾಗಿ ತಡೆಯಲು ಕಲಿಸುವ ಮಾತಿನ ಚಿಕಿತ್ಸೆ ಇದಕ್ಕಿದೆ, ಅಗತ್ಯವಿದ್ದರೆ ಮಾತ್ರೆಗಳೂ ಇವೆ. ಆ ಮಾತ್ರೆಗಳಲ್ಲಿ ಕೆಲವು ಕಾಮಾಸಕ್ತಿಯನ್ನು ತಗ್ಗಿಸಬಹುದಾದ್ದರಿಂದ, ನಿಮಿರದಿರುವ ಸಮಸ್ಯೆಯನ್ನು ಮನೋವೈದ್ಯರಿಗೆ ಮುಚ್ಚಿಡದೆ ಹೇಳಬೇಕು: ಘಟನೆ ಯಾವ ದಿನ ನಡೆಯಿತು, ನಿಮಿರುವಿಕೆ ಮೊದಲು ಯಾವ ದಿನ ಸೋತಿತು, ಬೆಳಗಿನ ಜಾವ ಹೇಗಿರುತ್ತದೆ, ಈವರೆಗೆ ಯಾವ ಪರೀಕ್ಷೆ ಎಷ್ಟನೇ ದಿನ ಆಗಿದೆ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ, ಬಾಯಿಬಿಟ್ಟು ಹೇಳಲು ನಾಚಿಕೆಯಾದಾಗ ಆ ಚೀಟಿಯನ್ನೇ ವೈದ್ಯರ ಕೈಗೆ ಕೊಡಬಹುದು.